ಇವತ್ತು ನನ್ನ ಕೊನೆಯ ದಿನ, ಸಂಜೆ ನಾಲ್ಕಕ್ಕೆ ಟೀಗೆ ಸಿಗೋಣ

ಎಲ್ಲರಿಗೂ ನಮಸ್ಕಾರ,

ಈ ಆಫೀಸಿನಲ್ಲಿ ಇವತ್ತು ನನ್ನ ಕೊನೆಯ ದಿನ. ಸೋಮವಾರದಿಂದ ಮೈಸೂರಿನಲ್ಲಿ ಹೊಸ ಕೆಲಸ. ಅಪ್ಪ ಅಮ್ಮನ ಹತ್ತಿರ ಇರಬೇಕು ಅಂತ ಈ ನಿರ್ಧಾರ ಮಾಡಿದೆ. ಅದು ನಿಮಗೆಲ್ಲ ಗೊತ್ತೇ ಇದೆ.

2018ರಲ್ಲಿ ಸೇರಿದಾಗ ಮೆಜೆಸ್ಟಿಕ್‌ನಿಂದ 335ಇ ಹತ್ತಿ ವೈಟ್‌ಫೀಲ್ಡ್‌ಗೆ ಬರುತ್ತಿದ್ದೆ. ಮಾರತಹಳ್ಳಿ ದಾಟುವ ಹೊತ್ತಿಗೇ ಸುಸ್ತು. ಮೊದಲ ವಾರ ಒಂದು ದಿನ ತಿಂಡಿಯೂ ಇಲ್ಲದೆ ಓಡಿ ಬಂದಿದ್ದೆ. ಕಾವ್ಯ ತನ್ನ ಡಬ್ಬಿಯ ಚಿತ್ರಾನ್ನ ನನ್ನ ಮುಂದೆ ಇಟ್ಟು, "ಮೊದಲು ತಿನ್ನು, ಆಮೇಲೆ ಲಾಗಿನ್ ಆಗು" ಅಂದಳು. ಆಗ ಅವಳಿಗೆ ನನ್ನ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಪೂರ್ತಿ ಶುರುವಾದ ಮೇಲೆ ಬಸ್ಸು ಬಿಟ್ಟೆ. ಸಂಜೆ ಕಾಡುಗೋಡಿಯಿಂದ ಒಟ್ಟಿಗೆ ಹತ್ತಿ, ಒಬ್ಬೊಬ್ಬರೇ ಇಳಿಯುತ್ತಾ ಹೋಗುವವರೆಗೂ ಮಾತು ಮುಗಿಯುತ್ತಿರಲಿಲ್ಲ, ಅಲ್ವಾ?

ಒಂದು ವಿಷಯ ಮಾತ್ರ ಇವತ್ತು ಹೇಳಲೇಬೇಕು. ಹೋದ ವರ್ಷ ಅಪ್ಪನಿಗೆ ಹಾರ್ಟ್ ಆಪರೇಷನ್ ಆದಾಗ ಮೂರು ವಾರ ಆಸ್ಪತ್ರೆಯಲ್ಲೇ ಇದ್ದೆ. ಆ ವಾರಗಳ ನೈಟ್ ಡ್ಯೂಟಿಗೆ ನನ್ನ ಹೆಸರಿತ್ತು. ಯಾರನ್ನಾದರೂ ಕೇಳಿಕೊಳ್ಳೋಣ ಅಂತ ರಾತ್ರಿ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಪಟ್ಟಿ ತೆಗೆದೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ನೀವೇ ನೀವೇ ಹಂಚಿಕೊಂಡುಬಿಟ್ಟಿದ್ದಿರಿ. ಅಲ್ಲೇ ಕೂತು ಅತ್ತೆ. ವಾಪಸ್ ಬಂದ ಮೇಲೂ ಯಾರೊಬ್ಬರೂ ಆ ಮಾತು ಎತ್ತಲಿಲ್ಲ, ಬದಲಿ ಡ್ಯೂಟಿ ಮಾಡು ಅನ್ನಲಿಲ್ಲ. ನಾನೂ ಸರಿಯಾಗಿ ಥ್ಯಾಂಕ್ಸ್ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಅಪ್ಪ ಈಗ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಫೋನ್ ಮಾಡಿದಾಗಲೆಲ್ಲ ನಿಮ್ಮನ್ನು ಕೇಳುತ್ತಾರೆ.

ಮಂಜುನಾಥ್ ಸರ್, ಬಿಲ್ಲಿಂಗ್ ರಿಲೀಸ್ ಕೈಕೊಟ್ಟ ಆ ರಾತ್ರಿ ಯಾರ ತಪ್ಪು ಅಂತ ನೀವು ಒಮ್ಮೆಯೂ ಕೇಳಲಿಲ್ಲ. "ಮೊದಲು ಕಸ್ಟಮರ್ ಕೆಲಸ ನಡೆಯಲಿ" ಅಂದಿರಿ. ಮೈಸೂರಿನಲ್ಲಿ ನನ್ನ ಕೈಕೆಳಗೆ ನಾಲ್ಕು ಜನ ಇರುತ್ತಾರೆ. ಅವರ ಜೊತೆ ನಾನೂ ಹಾಗೇ ಇರಬೇಕು ಅಂತ ಆಸೆ.

ನನ್ನ ಕೆಲಸವನ್ನೆಲ್ಲ ಪ್ರದೀಪ್‌ಗೆ ಒಪ್ಪಿಸಿದ್ದೇನೆ. ತಿಂಗಳ ಕೊನೆಯ ರಿಪೋರ್ಟ್ ಹೇಗೆ ತೆಗೆಯಬೇಕು ಅಂತ ಟೀಮ್ ಫೋಲ್ಡರ್‌ನಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಏನಾದರೂ ತಿಳಿಯದಿದ್ದರೆ ಫೋನ್ ಮಾಡಿ. ನಂಬರ್ ಅದೇ ಇರುತ್ತದೆ.

ಅಮ್ಮ ಕೋಡುಬಳೆ, ರವೆ ಉಂಡೆ ಮಾಡಿ ಕಳಿಸಿದ್ದಾರೆ. ನಾಲ್ಕು ಗಂಟೆಗೆ ಪ್ಯಾಂಟ್ರಿಗೆ ಬನ್ನಿ. ಸೆಕ್ಯುರಿಟಿ ಅಣ್ಣನಿಗೂ ಹೌಸ್‌ಕೀಪಿಂಗ್ ಅಕ್ಕಂದಿರಿಗೂ ಹೇಳಿದ್ದೇನೆ. ಐದಕ್ಕೆ ಲ್ಯಾಪ್‌ಟಾಪ್ ವಾಪಸ್ ಕೊಡಬೇಕು, ಅದಕ್ಕೆ ಮುಂಚೆ ಎಲ್ಲರನ್ನೂ ಒಮ್ಮೆ ನೋಡಬೇಕು.

ದಸರಾಗೆ ಮೈಸೂರಿಗೆ ಬಂದರೆ ನಮ್ಮ ಮನೆಯಲ್ಲೇ ಊಟ. ಸುಮ್ನೆ ಹೇಳುತ್ತಿಲ್ಲ, ಅಪ್ಪ ಆಗಲೇ ಅಮ್ಮನಿಗೆ ಹೇಳಿಟ್ಟಿದ್ದಾರೆ.

ಹೋಗಿ ಬರುತ್ತೇನೆ.

ನಿಮ್ಮ
ಸುಮಾ