ಹಪ್ಪಳ ತಡವಾಗಿದೆ, ಕ್ಷಮಿಸಿ. ಚಿಪ್ಸ್ ಸೋಮವಾರವೇ ಹೊರಡುತ್ತದೆ

ಮೇ ತಿಂಗಳ ಎರಡನೇ ಬ್ಯಾಚಿನಲ್ಲಿ ಹಲಸಿನ ಹಪ್ಪಳ ಹೇಳಿಟ್ಟವರಿಗೆಲ್ಲ ನಮಸ್ಕಾರ. ಮೇ 24ರ ಶನಿವಾರ ಪುತ್ತೂರಿನಿಂದ ಹೊರಡಬೇಕಿದ್ದ ನಿಮ್ಮ ಕಟ್ಟು ಇವತ್ತು ಮೇ 30 ಆದರೂ ನಮ್ಮ ಮನೆಯಲ್ಲೇ ಇದೆ. ಕೆಲವರದ್ದು ಇನ್ನೂ ಹಪ್ಪಳವೇ ಆಗಿಲ್ಲ. ಕ್ಷಮಿಸಿ. ದುಡ್ಡು ಮೊದಲೇ ಕೊಟ್ಟು, ದಿನ ಎಣಿಸಿ, "ಹಪ್ಪಳ ಎಲ್ಲಿ ಮಾರಾಯ್ರೇ?" ಎಂದು ನಗುತ್ತಲೇ ಕೇಳಿದವರಿಗೂ, ನಗದೆ ಕೇಳಿದವರಿಗೂ ಒಂದೇ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆದೀತು, ಆದರೆ ನಿಮ್ಮ ಆರ್ಡರ್ ನಂಬರಿಗೆ ಏನಾಗುತ್ತದೆ ಎಂಬುದು ಮಧ್ಯದಲ್ಲಿ ಸ್ಪಷ್ಟವಾಗಿ ಇದೆ.

ಕಾರಣ ನೀವು ಊಹಿಸಿದ್ದೇ. ಮಳೆ. ಮೇ ತಿಂಗಳಲ್ಲಿ ನಮಗೆ ಮಳೆ ಹೊಸದಲ್ಲ, ಕೃತ್ತಿಕೆಯಲ್ಲಿ ಸಂಜೆ ಹೊತ್ತು ಗುಡುಗಿ ಸುರಿದು ಹೋಗುವುದು ಪ್ರತಿ ವರ್ಷದ ಕಥೆ. ಅದಕ್ಕೆ ತಕ್ಕಂತೆ ಬೆಳಿಗ್ಗೆ ಚಾಪೆ ಹಾಸಿ, ಮೂರು ಗಂಟೆಗೆ ಒಳಗೆ ತರುವ ಅಭ್ಯಾಸ ಮನೆಯಲ್ಲಿ ಎಲ್ಲರಿಗೂ ಇದೆ. ಈ ಸಲ ಆದದ್ದು ಬೇರೆ. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಜೂನ್ 1ಕ್ಕೆ ಬರಬೇಕಾದದ್ದು. 2009ರಲ್ಲಿ ಮೇ 23ಕ್ಕೆ ಬಂದಿತ್ತು, ಆಮೇಲೆ ಇಷ್ಟು ಬೇಗ ಬಂದದ್ದು ಈ ವರ್ಷ, 2025ರಲ್ಲೇ. ನಮ್ಮ ಜಿಲ್ಲೆ ಕೇರಳದ ಗಡಿಯಲ್ಲೇ ಇರುವುದರಿಂದ ಕಾಯುವ ಪ್ರಶ್ನೆಯೂ ಬರಲಿಲ್ಲ. ರೆಡ್ ಅಲರ್ಟ್ ಬಂತು, ರೋಹಿಣಿ ಮಳೆ ಹಗಲು ರಾತ್ರಿ ಹಿಡಿದುಕೊಂಡಿತು. ಅಡಿಕೆ ತೋಟಕ್ಕೆ ಒಳ್ಳೆಯದೋ ಕೆಟ್ಟದ್ದೋ ಅಂತ ಗಂಡಸರು ಜಗಲಿಯಲ್ಲಿ ಚರ್ಚೆ ಮಾಡುತ್ತಿದ್ದಾರೆ. ಹಪ್ಪಳಕ್ಕೆ ಏನು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಹಪ್ಪಳ ಮಾಡಿದವರಿಗೆ ಗೊತ್ತು, ಮಾಡದವರಿಗಾಗಿ ಹೇಳುತ್ತೇನೆ. ಬಲಿತ ಕಾಯಿ ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಗುದ್ದಿ, ಉಂಡೆ ಕಟ್ಟಿ, ಕೈಗೆ ತೆಂಗಿನೆಣ್ಣೆ ಸವರಿಕೊಂಡು ಮಣೆಯಲ್ಲಿ ಒತ್ತುವ ತನಕ ಕೆಲಸ ನಮ್ಮ ಕೈಯಲ್ಲಿದೆ. ಅಲ್ಲಿಂದ ಮುಂದೆ ಎಲ್ಲ ಬಿಸಿಲಿನ ಕೈಯಲ್ಲಿ. ಒಳ್ಳೆಯ ಬಿಸಿಲಾದರೆ ಎರಡು ಮೂರು ದಿನ. ಒಣಗಿದ ಹಪ್ಪಳವನ್ನು ಮುರಿದರೆ ಟಕ್ ಎಂದು ಶಬ್ದ ಬರಬೇಕು. ಬಾಗಿದರೆ ಆಗಿಲ್ಲ ಅಂತಲೇ ಅರ್ಥ. ಹಸಿ ಉಳಿದ ಹಪ್ಪಳ ಎಣ್ಣೆಗೆ ಹಾಕಿದರೆ ಅರಳುವುದಿಲ್ಲ, ಎಣ್ಣೆ ಕುಡಿದು ಕೆಂಪಾಗಿ ಚರ್ಮದ ಹಾಗೆ ಕೂತುಬಿಡುತ್ತದೆ. ಅದನ್ನೇ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕೊರಿಯರಿಗೆ ಕೊಟ್ಟರೆ ಬೆಂಗಳೂರು ತಲುಪುವಷ್ಟರಲ್ಲಿ ಬೂಷ್ಟು ಹಿಡಿಯಲು ಶುರುವಾಗುತ್ತದೆ.

"ಸ್ವಲ್ಪ ಹಸಿ ಇದ್ದರೂ ಕಳಿಸಿ, ನಾವು ಬಾಲ್ಕನಿಯಲ್ಲಿ ಒಣಗಿಸಿಕೊಳ್ಳುತ್ತೇವೆ" ಎಂದು ಇಬ್ಬರು ಮೂವರು ಹೇಳಿದಿರಿ. ಪ್ರೀತಿಗೆ ಶರಣು. ಆದರೆ ಕಳಿಸುವುದಿಲ್ಲ. ದಾರಿಯಲ್ಲೇ ಹಾಳಾಗುವ ವಸ್ತುವಿಗೆ ನಿಮ್ಮಿಂದ ಹಣ ತೆಗೆದುಕೊಳ್ಳುವುದು ಸರಿಯಲ್ಲ. ಬೆಂಗಳೂರಿನ ಬಾಲ್ಕನಿಯಲ್ಲಿ ಈಗ ಬಿಸಿಲು ಎಷ್ಟಿದೆ ಅಂತ ನಮಗೂ ಗೊತ್ತು!

ಬೇರೆ ದಾರಿ ನೋಡಲಿಲ್ಲವೇ ಅಂದರೆ, ನೋಡಿದೆವು. ಒಲೆಯ ಮೇಲಿನ ಅಟ್ಟದಲ್ಲಿ ಹರಡಿದ್ದಕ್ಕೆ ಹೊಗೆ ವಾಸನೆ ಹಿಡಿಯಿತು. ಅತ್ತೆಗೆ ಆ ರುಚಿ ಇಷ್ಟ, ಅವರ ಕಾಲದಲ್ಲಿ ಹಾಗೇ ಇತ್ತಂತೆ. ನಿಮ್ಮಲ್ಲಿ ಎಲ್ಲರಿಗೂ ಇಷ್ಟವಾಗುತ್ತದೆ ಎಂಬ ಧೈರ್ಯ ನಮಗಿಲ್ಲ, ಹಾಗಾಗಿ ಅದು ಮನೆಖರ್ಚಿಗೆ. ಅಂಚಿನಲ್ಲಿ ಬಿಳಿ ಕಂಡ ಹಪ್ಪಳ ಪೂರ್ತಿ ಗೊಬ್ಬರದ ಗುಂಡಿಗೆ ಹೋಯಿತು, ಚೆನ್ನಾಗಿರುವುದನ್ನು ಅದರಿಂದ ಆರಿಸಿ ಕಟ್ಟಿಲ್ಲ. ಈಗ ಊರಿನ ಸ್ವಸಹಾಯ ಸಂಘದವರ ಡ್ರೈಯರ್ ಸಿಕ್ಕಿದೆ. ಅದರಲ್ಲಿ ಬೇಗ ಆಗಲಿ ಎಂದು ಶಾಖ ಏರಿಸಿದರೆ ಮೇಲ್ಪದರ ಗಟ್ಟಿಯಾಗಿ ಒಳಗಿನ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಂಚು ಬಿರಿಯುತ್ತದೆ. ಕಡಿಮೆ ಶಾಖದಲ್ಲಿ ನಿಧಾನಕ್ಕೆ ಒಣಗಿಸಿದರೆ ಬಿಸಿಲಿನ ಹಪ್ಪಳಕ್ಕೆ ಹತ್ತಿರ ಬರುತ್ತದೆ. ಹತ್ತಿರ ಎಂದೆ, ಅದೇ ಎಂದು ಹೇಳಲಿಲ್ಲ. ಬಿಸಿಲಿನದ್ದೇ ಬೇಕು ಎನ್ನುವವರು ಈಗಲೇ ತಿಳಿಸಿ, ದುಡ್ಡು ವಾಪಸ್ ಕೊಟ್ಟು ಮುಂದಿನ ಬೇಸಿಗೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಮೊದಲು ಬರೆಯುತ್ತೇವೆ.

ಈಗ ನಂಬರಿನ ವಿಷಯ. 60ರವರೆಗಿನವರಿಗೆ ಈಗಾಗಲೇ ತಲುಪಿದೆ, ಅವರು ಇದನ್ನು ಓದಿ ನಕ್ಕರೆ ಸಾಕು. 61ರಿಂದ 84ರವರೆಗಿನ ಹಪ್ಪಳ ಮಳೆ ಹಿಡಿಯುವ ಮೊದಲೇ ಒಣಗಿತ್ತು. ಅದನ್ನೂ ಡ್ರೈಯರಿನಲ್ಲಿ ಇನ್ನೊಮ್ಮೆ ಬೆಚ್ಚಗೆ ಮಾಡಿ ಕಟ್ಟುತ್ತಿದ್ದೇವೆ, ಜೂನ್ 2ರ ಸೋಮವಾರ ಕೊರಿಯರಿಗೆ ಕೊಡುತ್ತೇವೆ. 85ರಿಂದ 118ರವರೆಗಿನವರದ್ದು ಹೊಸದಾಗಿ ಒತ್ತಬೇಕು. ಘಟ್ಟದ ಬುಡದ ತೋಟಗಳಲ್ಲಿ ಕಾಯಿ ತಡವಾಗಿ ಬಲಿಯುತ್ತದೆ, ಅಲ್ಲಿಂದ ಬಕ್ಕೆ ಹಲಸಿನ ಕಾಯಿ ತರಿಸುತ್ತಿದ್ದೇವೆ. ಜೂನ್ 12ರ ಗುರುವಾರ ಹೊರಡುತ್ತದೆ. ಈ ದಿನಾಂಕ ಹೇಳುವಾಗ ಕರೆಂಟು ಹೋಗುವ ದಿನಗಳನ್ನೂ ಲೆಕ್ಕಕ್ಕೆ ಹಿಡಿದಿದ್ದೇವೆ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟನ್ನು ನಂಬಿ ಯಾರೂ ಮಾತು ಕೊಡುವುದಿಲ್ಲ.

ಇನ್ನು ಸಿಹಿ ಸುದ್ದಿ, ಅಂದರೆ ಉಪ್ಪಿನ ಸುದ್ದಿ.

61ರಿಂದ 118ರವರೆಗೆ ಪ್ರತಿಯೊಬ್ಬರಿಗೂ ಕಾಲು ಕಿಲೋ ಹಲಸಿನ ಕಾಯಿ ಚಿಪ್ಸ್ ನಮ್ಮ ಕಡೆಯಿಂದ. ಹಣ ಇಲ್ಲ, ಕೊರಿಯರ್ ಖರ್ಚೂ ಇಲ್ಲ. ಹಪ್ಪಳಕ್ಕೆ ಕಾಯದೆ ಸೋಮವಾರವೇ ಎಲ್ಲರಿಗೂ ಹೊರಡುತ್ತದೆ. ಚಿಪ್ಸೇ ಯಾಕೆ ಅಂದರೆ ಅದಕ್ಕೆ ಸೂರ್ಯನ ಹಂಗಿಲ್ಲ, ಒಂದು ಒಲೆ ಮತ್ತು ಒಂದು ದೊಡ್ಡ ಬಾಣಲೆ ಸಾಕು. ಬಕ್ಕೆ ಸೊಳೆಯನ್ನು ಉದ್ದುದ್ದ ಸೀಳಿ, ತೆಂಗಿನೆಣ್ಣೆಯಲ್ಲಿ ಹುರಿದು, ಕೊನೆಯಲ್ಲಿ ಅರಿಶಿನ ಬೆರೆಸಿದ ಉಪ್ಪುನೀರು ಚಿಮುಕಿಸುವುದು. ಆ ನೀರು ಬಿದ್ದಾಗ ಬಾಣಲೆ ಒಮ್ಮೆ ಭೋರ್ ಎಂದು ಎದ್ದು, ಮತ್ತೆ ನೊರೆ ಇಳಿದು ಸದ್ದು ಅಡಗುತ್ತದಲ್ಲ, ಆಗ ತೆಗೆಯಬೇಕು. ಅಕ್ಕ ಬಾಣಲೆಗೆ ಬೆನ್ನು ಹಾಕಿ ನಿಂತಿದ್ದರೂ ಸದ್ದಿನಲ್ಲೇ ಹೇಳುತ್ತಾಳೆ. ಮಳೆ ನೀರು ಕುಡಿದ ಕಾಯಿ ಹುರಿಯಲು ಹೆಚ್ಚು ಹೊತ್ತು ಬೇಕು, ಬಣ್ಣವೂ ಒಂದು ಪಟ್ಟು ಗಾಢ. ಹಾಗಾಗಿ ಏಪ್ರಿಲಿನ ಚಿಪ್ಸ್ ತಿಂದವರಿಗೆ ಇದು ಸ್ವಲ್ಪ ಕಂದು ಕಂಡೀತು. ಸೀದದ್ದಲ್ಲ.

ಪೊಟ್ಟಣದಲ್ಲಿ ಇರುವುದು ಹಲಸಿನ ಕಾಯಿ, ತೆಂಗಿನೆಣ್ಣೆ, ಉಪ್ಪು, ಅರಿಶಿನ, ಅಷ್ಟೇ. ಒಡೆದ ಕೂಡಲೇ ಗಾಳಿ ಆಡದ ಡಬ್ಬಿಗೆ ಹಾಕಿ. ಈ ಹವೆಯಲ್ಲಿ ಬಾಯಿ ತೆರೆದಿಟ್ಟರೆ ಸಂಜೆಯೊಳಗೆ ಮೆತ್ತಗಾಗುತ್ತದೆ. ಮೆತ್ತಗಾದರೆ ಎಸೆಯಬೇಡಿ, ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ ಆರಲು ಬಿಡಿ, ಮತ್ತೆ ಗರಿಗರಿ. ಬೆಂಗಳೂರು, ಮೈಸೂರಿನವರಿಗೆ ಬುಧವಾರದ ಹೊತ್ತಿಗೆ ಸಿಗಬೇಕು. ಹುಬ್ಬಳ್ಳಿ, ಮುಂಬೈಯವರು ಇನ್ನೊಂದೆರಡು ದಿನ ಸೇರಿಸಿಕೊಳ್ಳಿ.

ಕರಿದದ್ದು ಬೇಡ, ಡಾಕ್ಟರು ಬೈಯುತ್ತಾರೆ ಎನ್ನುವವರಿಗೆ ಸಾಂತಾಣಿ ಇದೆ. ಹಲಸಿನ ಬೀಜವನ್ನು ಉಪ್ಪು ಹಾಕಿ ಬೇಯಿಸಿ ಒಣಗಿಸಿದ್ದು, ಏಪ್ರಿಲಿನ ಬಿಸಿಲಿನಲ್ಲೇ ಆಗಿಹೋದದ್ದು. ಉಪ್ಪು ಕಡಿಮೆ ತಿನ್ನಬೇಕಾದವರು ಇದನ್ನೂ ಯೋಚಿಸಿಯೇ ಕೇಳಿ. ಒಂದನ್ನು ಬಾಯಿಗೆ ಹಾಕಿಕೊಂಡರೆ ಧಾರಾವಾಹಿ ಒಂದು ಕಂತು ಮುಗಿಯುವವರೆಗೆ ಬರುತ್ತದೆ. ಹಲ್ಲು ಗಟ್ಟಿ ಇರಬೇಕು, ಇಲ್ಲದಿದ್ದರೆ ರಾತ್ರಿ ನೀರಿನಲ್ಲಿ ನೆನೆಹಾಕಿ. ಇದು ಎಲ್ಲರಿಗೂ ಸಾಕಾಗುವಷ್ಟು ಇಲ್ಲ, ಮೊದಲು ಕೇಳಿದವರಿಗೆ ಮೊದಲು.

ಜೂನ್ ಮೊದಲ ವಾರದಲ್ಲಿ ಮಕ್ಕಳ ಹತ್ತಿರ ಅಮೆರಿಕಕ್ಕೋ ದುಬೈಗೋ ಹೊರಡುವವರು ನಿಮ್ಮಲ್ಲಿ ಇದ್ದೀರಿ. ಸೂಟ್‌ಕೇಸ್ ತುಂಬುವ ದಿನಕ್ಕೆ ಹಪ್ಪಳ ಇಲ್ಲ ಎಂದರೆ ಎಷ್ಟು ಬೇಜಾರು ಅಂತ ಒಬ್ಬ ಅಮ್ಮನ ಧ್ವನಿಸಂದೇಶ ಕೇಳಿದ ಮೇಲೆ ಚೆನ್ನಾಗಿ ಅರ್ಥ ಆಯಿತು. ಒಣಗಿದ ಹಪ್ಪಳದಲ್ಲಿ ಕೆಲವು ಕಟ್ಟು ಬದಿಗೆ ಇಟ್ಟಿದ್ದೇವೆ. ನಿಮ್ಮ ನಂಬರ್ 85ರ ನಂತರದ್ದಾದರೂ ಪರವಾಗಿಲ್ಲ, ಪ್ರಯಾಣದ ದಿನಾಂಕ ತಿಳಿಸಿ, ಸೋಮವಾರವೇ ಕಳಿಸುತ್ತೇವೆ. 61ರಿಂದ 84ರೊಳಗಿನ ಯಾರಾದರೂ "ನನಗೆ ಅವಸರ ಇಲ್ಲ, ನನ್ನದನ್ನು ಅವರಿಗೆ ಕೊಡಿ" ಎಂದರೆ ಇನ್ನೂ ಸಂತೋಷ. ಮನೆಯಲ್ಲೇ ತಿನ್ನುವವರಿಗೆ ಹಪ್ಪಳದ ನಿಜವಾದ ಕಾಲ ಆಟಿ ತಿಂಗಳು ತಾನೇ? ಅದು ಶುರುವಾಗುವುದು ಜುಲೈ ಮಧ್ಯಕ್ಕೆ. ಅಷ್ಟರಲ್ಲಿ ಎಲ್ಲರ ಡಬ್ಬಿಯೂ ತುಂಬಿರುತ್ತದೆ.

ಕಾಯಲು ಮನಸ್ಸಿಲ್ಲದವರು ಮುಜುಗರ ಪಡಬೇಡಿ. ಆರ್ಡರ್ ಮಾಡಿದ ಅದೇ ವಾಟ್ಸ್ಆ್ಯಪ್ ನಂಬರಿಗೆ "ವಾಪಸ್" ಎಂದು ಒಂದು ಮಾತು ಬರೆದರೆ ಸಾಕು, ಕಾರಣ ಬೇಕಿಲ್ಲ. ಕೊಟ್ಟ ಪೂರ್ತಿ ಹಣ ಅದೇ ದಿನ ನೀವು ಕಳಿಸಿದ ಖಾತೆಗೇ ಬರುತ್ತದೆ. ಚಿಪ್ಸ್ ಮಾತ್ರ ನಿಮ್ಮದೇ, ಅದನ್ನು ವಾಪಸ್ ಕೇಳುವುದಿಲ್ಲ. ಸಾಂತಾಣಿ ಬೇಕಾದವರು "ಸಾಂತಾಣಿ" ಎಂದು, ಊರು ಬಿಡುವವರು ದಿನಾಂಕವನ್ನು, ವಿಳಾಸ ಬದಲಾದವರು ಹೊಸ ವಿಳಾಸವನ್ನು ಪಿನ್‌ಕೋಡ್ ಸಮೇತ, ಜೂನ್ 1ರ ಭಾನುವಾರ ಸಂಜೆ 6ರೊಳಗೆ ಬರೆಯಿರಿ. ಏನೂ ಬರೆಯದವರಿಗೆ ಚಿಪ್ಸ್ ಸೋಮವಾರ, ಹಪ್ಪಳ ಮೇಲೆ ಹೇಳಿದ ದಿನ.

ಒಂದು ವಿನಂತಿ. ದಯವಿಟ್ಟು ಕೊರಿಯರ್ ಹುಡುಗನನ್ನು ಬೈಯಬೇಡಿ. ತಡವಾದದ್ದು ನಮ್ಮ ಕಡೆಯಲ್ಲಿ, ಅವನ ಕೈಗೆ ನಾವಿನ್ನೂ ಏನನ್ನೂ ಕೊಟ್ಟೇ ಇಲ್ಲ.

ಹೊಸ ಆರ್ಡರ್ ಸದ್ಯಕ್ಕೆ ತೆಗೆದುಕೊಳ್ಳುತ್ತಿಲ್ಲ. ಬಾಕಿ ಇರುವವರ ಕಟ್ಟು ಎಲ್ಲ ಹೊರಟ ಮೇಲೆ ಇಲ್ಲೇ ತಿಳಿಸುತ್ತೇವೆ. ಕೆಳಗೆ ಕಾಮೆಂಟಿನಲ್ಲಿ ಫೋನ್ ನಂಬರ್, ವಿಳಾಸ ಹಾಕಬೇಡಿ, ಎಲ್ಲರಿಗೂ ಕಾಣುತ್ತದೆ. ಬೈಗುಳ ಇದ್ದರೆ ಧಾರಾಳವಾಗಿ ಹಾಕಿ, ಅತ್ತೆಗೆ ಓದಿ ಹೇಳುತ್ತೇನೆ.

#ಹಲಸಿನಹಪ್ಪಳ #ಹಲಸಿನಚಿಪ್ಸ್ #ಸಾಂತಾಣಿ #ಪುತ್ತೂರು #ರೋಹಿಣಿಮಳೆ