ಜೀವಕೋಶದ ಕಣದಂಗಗಳು: ಒಂಬತ್ತನೇ ತರಗತಿ ಕನ್ನಡ ಮಾಧ್ಯಮದವರಿಗೆ ಪದಕೋಶ

ಒಂದೇ ಭಾಗಕ್ಕೆ ಪಠ್ಯಪುಸ್ತಕದಲ್ಲಿ ಒಂದು ಹೆಸರು, ಗೈಡಿನಲ್ಲಿ ಇನ್ನೊಂದು ಹೆಸರು ಇರಬಹುದು. ನಿಮ್ಮ ಪಠ್ಯಪುಸ್ತಕದ ಪದವನ್ನೇ ಬರೆಯಿರಿ, ಒಂದು ಉತ್ತರದಲ್ಲಿ ಅದನ್ನು ಮಧ್ಯೆ ಬದಲಿಸಬೇಡಿ. ‘ಕೋಶಕೇಂದ್ರ’ದಂಥ ಕನ್ನಡ ಪದ ನೆನಪಾಗದಿದ್ದರೆ ‘ನ್ಯೂಕ್ಲಿಯಸ್’ ಎಂದು ಕನ್ನಡ ಲಿಪಿಯಲ್ಲೇ ಬರೆಯಿರಿ. ಜಾಗ ಖಾಲಿ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಕಣದಂಗ: ಕೋಶದ್ರವ್ಯದಲ್ಲಿದ್ದು ಗೊತ್ತಾದ ಕೆಲಸ ಮಾಡುವ ಕೋಶದ ಭಾಗ. ‘ಅಂಗ’ ಎಂದಷ್ಟೇ ಬರೆದರೆ ಹೃದಯ, ಮೂತ್ರಪಿಂಡ ಎಂಬ ಅರ್ಥ ಬರುತ್ತದೆ.

ಕೋಶಪೊರೆ, ಕೋಶಭಿತ್ತಿ: ಇವೆರಡನ್ನು ಅದಲುಬದಲು ಮಾಡುವುದು ಬಹಳ ಸಾಮಾನ್ಯವಾದ ತಪ್ಪು. ಕೋಶಪೊರೆ (ಪ್ಲಾಸ್ಮಾ ಪೊರೆ) ಎಲ್ಲ ಜೀವಕೋಶಗಳಲ್ಲೂ ಇದೆ. ಲಿಪಿಡ್ ಮತ್ತು ಪ್ರೋಟೀನಿನಿಂದಾದದ್ದು, ಕೆಲವು ವಸ್ತುಗಳನ್ನು ಮಾತ್ರ ಒಳಗೆ ಹೊರಗೆ ಬಿಡುತ್ತದೆ. ಕೋಶಭಿತ್ತಿ ಸಸ್ಯಕೋಶದಲ್ಲಿ ಪೊರೆಯ ಹೊರಗಿರುವ ಗಟ್ಟಿ ಹೊದಿಕೆ. ಅದರ ಮುಖ್ಯ ವಸ್ತು ಸೆಲ್ಯುಲೋಸ್. ಪ್ರಾಣಿಕೋಶಕ್ಕೆ ಭಿತ್ತಿ ಇಲ್ಲ. ‘ಸಸ್ಯಕೋಶಕ್ಕೆ ಭಿತ್ತಿ, ಪ್ರಾಣಿಕೋಶಕ್ಕೆ ಪೊರೆ’ ಎಂದು ಬರೆದರೆ ಅರ್ಧ ತಪ್ಪು, ಏಕೆಂದರೆ ಸಸ್ಯಕೋಶಕ್ಕೆ ಎರಡೂ ಇವೆ. 1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ತೆಳು ಸೀಳಿನಲ್ಲಿ ಕಂಡದ್ದು ಸತ್ತ ಕೋಶಗಳ ಭಿತ್ತಿಯನ್ನೇ. ಕಾಗುಣಿತದ ಮೇಲೂ ಗಮನವಿರಲಿ: ‘ಭಿ’ ಮಹಾಪ್ರಾಣ. ‘ಬಿತ್ತಿ’ ಎಂದರೆ ಬೀಜ ಬಿತ್ತಿದ ಮಾತಾಗುತ್ತದೆ.

ಕೋಶದ್ರವ್ಯ: ಕೋಶಪೊರೆಗೂ ಕೋಶಕೇಂದ್ರಕ್ಕೂ ನಡುವಿನ ದ್ರವ ಭಾಗ. ಕೆಲವರು ಇದನ್ನು ‘ಕೋಶರಸ’ ಎನ್ನುತ್ತಾರೆ. ರಸದಾನಿಯೊಳಗಿನ ದ್ರವಕ್ಕೂ ಅದೇ ಹೆಸರು ಬಳಕೆಯಲ್ಲಿರುವುದರಿಂದ ಇಲ್ಲಿ ‘ಕೋಶದ್ರವ್ಯ’ ಸುರಕ್ಷಿತ.

ಕೋಶಕೇಂದ್ರ: 1831ರಲ್ಲಿ ರಾಬರ್ಟ್ ಬ್ರೌನ್ ಹೆಸರಿಸಿದ ಭಾಗ. ಎರಡು ಪದರದ ಪೊರೆ, ಅದರಲ್ಲಿ ರಂಧ್ರಗಳು, ಒಳಗೆ ಡಿಎನ್‌ಎ ಹೊತ್ತ ವರ್ಣತಂತುಗಳು. ಒಳಗಿನ ದಟ್ಟ ಗುಂಡು ಭಾಗ ಕಿರುಕೋಶಕೇಂದ್ರ (ನ್ಯೂಕ್ಲಿಯೋಲಸ್). ಬ್ಯಾಕ್ಟೀರಿಯಾದಲ್ಲಿ ಪೊರೆಯಿಂದ ಆವೃತವಾದ ಕೋಶಕೇಂದ್ರವಿಲ್ಲ. ‘ಡಿಎನ್‌ಎ ಇಲ್ಲ’ ಎಂದು ಬರೆಯಬೇಡಿ.

ಮೈಟೋಕಾಂಡ್ರಿಯಾ: ‘ಕೋಶದ ಶಕ್ತಿಕೇಂದ್ರ’ ಎಂಬ ಒಂದೇ ಸಾಲಿಗೆ ಎರಡು ಅಂಕ ಸಿಗುವುದಿಲ್ಲ. ಕಾರಣವೂ ಬೇಕು. ಹೀಗೆ ಬರೆಯಿರಿ: ‘ಉಸಿರಾಟದ ಕ್ರಿಯೆಯಲ್ಲಿ ಆಹಾರದಿಂದ ಬಿಡುಗಡೆಯಾದ ಶಕ್ತಿಯನ್ನು ಎಟಿಪಿ ಅಣುಗಳ ರೂಪದಲ್ಲಿ ಒದಗಿಸುವುದರಿಂದ ಮೈಟೋಕಾಂಡ್ರಿಯಾವನ್ನು ಕೋಶದ ಶಕ್ತಿಕೇಂದ್ರ ಎನ್ನುತ್ತಾರೆ. ಒಳಪೊರೆ ಆಳವಾಗಿ ಮಡಿಕೆಗೊಂಡಿರುವುದರಿಂದ ಎಟಿಪಿ ತಯಾರಿಸುವ ಕ್ರಿಯೆಗಳಿಗೆ ಹೆಚ್ಚು ಮೇಲ್ಮೈ ದೊರೆಯುತ್ತದೆ.’ ‘ಶಕ್ತಿಯನ್ನು ಸೃಷ್ಟಿಸುತ್ತದೆ’ ಎಂದರೆ ತಪ್ಪು, ಏಕೆಂದರೆ ಶಕ್ತಿ ಇಲ್ಲಿ ರೂಪ ಬದಲಿಸುತ್ತದೆ ಅಷ್ಟೆ. ಇದಕ್ಕೆ ತನ್ನದೇ ಡಿಎನ್‌ಎ ಮತ್ತು ರೈಬೋಸೋಮ್‌ಗಳಿವೆ. ಸಸ್ಯಕೋಶದಲ್ಲೂ ಮೈಟೋಕಾಂಡ್ರಿಯಾ ಇದೆ ಎಂಬುದನ್ನು ಮರೆಯಬೇಡಿ.

ಪ್ಲಾಸ್ಟಿಡ್: ಸಸ್ಯಕೋಶದಲ್ಲಿದೆ, ಪ್ರಾಣಿಕೋಶದಲ್ಲಿಲ್ಲ. ಹಸಿರು ಬಣ್ಣದ್ದು ಕ್ಲೋರೋಪ್ಲಾಸ್ಟ್, ಬೇರೆ ಬಣ್ಣದ್ದು ಕ್ರೋಮೋಪ್ಲಾಸ್ಟ್, ಬಣ್ಣವಿಲ್ಲದ್ದು ಪಿಷ್ಟ, ಎಣ್ಣೆ, ಪ್ರೋಟೀನು ಕೂಡಿಡುವ ಲ್ಯೂಕೋಪ್ಲಾಸ್ಟ್. ಕ್ಲೋರೋಪ್ಲಾಸ್ಟ್ ಕಣದಂಗ, ಅದರೊಳಗಿನ ಹಸಿರು ವರ್ಣಕ ಪತ್ರಹರಿತ್ತು. ದ್ಯುತಿಸಂಶ್ಲೇಷಣೆ ಎಲ್ಲಿ ನಡೆಯುತ್ತದೆ ಎಂದು ಕೇಳಿದರೆ ಕಣದಂಗದ ಹೆಸರು ಬರೆಯಿರಿ, ವರ್ಣಕದ ಹೆಸರಲ್ಲ.

ರಸದಾನಿ: ಹೂದಾನಿಯ ‘ದಾನಿ’ಯನ್ನು ನೆನೆಯಿರಿ, ರಸ ತುಂಬಿಟ್ಟ ಪಾತ್ರೆ. ಬೆಳೆದ ಸಸ್ಯಕೋಶದಲ್ಲಿ ಇದು ಕೋಶದ ಗಾತ್ರದ ಶೇ. 50ರಿಂದ 90ರಷ್ಟನ್ನು ಆವರಿಸಬಹುದು. ಕೋಶಕ್ಕೆ ಬಿಗಿತನ ಕೊಡುವುದೂ ಇದೇ. ಪ್ರಾಣಿಕೋಶದಲ್ಲಿದ್ದರೆ ಚಿಕ್ಕದು.

ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್: ಪೊರೆಯ ಕೊಳವೆ, ಚೀಲಗಳ ಜಾಲ. ಒರಟು ಜಾಲದ ಮೇಲೆ ರೈಬೋಸೋಮ್‌ಗಳಿದ್ದು ಅಲ್ಲಿ ಪ್ರೋಟೀನು ತಯಾರಾಗುತ್ತದೆ. ನುಣುಪು ಜಾಲದಲ್ಲಿ ಲಿಪಿಡ್ ತಯಾರಾಗುತ್ತದೆ. ಯಕೃತ್ತಿನ ಕೋಶಗಳಲ್ಲಿ ವಿಷವಸ್ತುಗಳನ್ನು ನಿರ್ವಿಷಗೊಳಿಸುವುದು ನುಣುಪು ಜಾಲವೇ.

ಗಾಲ್ಗಿ ಸಂಕೀರ್ಣ: ಪ್ರೋಟೀನು, ಲಿಪಿಡ್‌ಗಳನ್ನು ಮಾರ್ಪಡಿಸಿ, ಕಿರುಚೀಲಗಳಲ್ಲಿ ತುಂಬಿ ಸೇರಬೇಕಾದಲ್ಲಿಗೆ ಕಳಿಸುತ್ತದೆ. ‘ಗಾಲ್ಗಿ’ ವಿಜ್ಞಾನಿಯ ಹೆಸರು, ಅನುವಾದಿಸಲು ಹೋಗಬೇಡಿ.

ಲೈಸೋಸೋಮ್: ಜೀರ್ಣಕಾರಿ ಕಿಣ್ವಗಳ ಚೀಲ. ಕೋಶಕ್ಕೆ ಹಾನಿಯಾದಾಗ ಒಡೆದು ಕಿಣ್ವಗಳು ಆ ಕೋಶವನ್ನೇ ಜೀರ್ಣಿಸಬಹುದಾದ್ದರಿಂದ ‘ಆತ್ಮಹತ್ಯಾ ಸಂಚಿ’. ರೈಬೋಸೋಮ್ ಬೇರೆ: ಅದಕ್ಕೆ ಪೊರೆ ಇಲ್ಲ, ಕೆಲಸ ಪ್ರೋಟೀನು ತಯಾರಿಕೆ. ಅವಸರದಲ್ಲಿ ‘ರೈ’, ‘ಲೈ’ ಬದಲಾದರೆ ಇಡೀ ಉತ್ತರ ಬದಲಾಗುತ್ತದೆ.

ಚಿತ್ರದಲ್ಲಿ ಹೆಸರಿನ ಗೆರೆಗಳನ್ನು ಸ್ಕೇಲಿನಿಂದ ಎಳೆಯಿರಿ, ಒಂದನ್ನೊಂದು ದಾಟದಿರಲಿ. ಗೆರೆಯ ತುದಿ ಆ ಭಾಗವನ್ನು ಮುಟ್ಟಲೇಬೇಕು. ಪೊರೆಗೂ ಭಿತ್ತಿಗೂ ನಡುವಿನ ಖಾಲಿ ಜಾಗದಲ್ಲಿ ಗೆರೆ ನಿಂತರೆ ನೀವು ಯಾವುದನ್ನು ಹೆಸರಿಸಿದಿರಿ ಎಂಬುದು ಮೌಲ್ಯಮಾಪಕರಿಗೆ ತಿಳಿಯುವುದಿಲ್ಲ.