ಮರಿ ಬಂಗುಡೆ ಕೊಳ್ಳುವುದು ತಪ್ಪೇ? (ನೀತಿಶಾಸ್ತ್ರ ಪ್ರಬಂಧದ ಪೀಠಿಕೆ)

ಕಳೆದ ನವೆಂಬರಿನ ಒಂದು ಬೆಳಿಗ್ಗೆ ಮಲ್ಪೆಯಲ್ಲಿ ಅಮ್ಮ ಒಂದು ರಾಶಿ ಬಂಗುಡೆಯ ಮುಂದೆ ನಿಂತರು. ಒಂದೊಂದೂ ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೆ. "ಸಣ್ಣದಕ್ಕೇ ರುಚಿ ಜಾಸ್ತಿ ಮಾರಾಯ್ರೆ, ಕೊಂಡೋಗಿ" ಎಂದರು ಮೀನು ಮಾರುವ ಅಕ್ಕ. ಅಮ್ಮ ಚೀಲ ಬಿಡಿಸಿದರು. ಮಧ್ಯಾಹ್ನದ ಪುಳಿಮುಂಚಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ, ಎರಡು ಸಲ ಬಡಿಸಿಕೊಂಡೆ. ಆದರೆ ಅವು ಒಮ್ಮೆಯೂ ಮೊಟ್ಟೆ ಇಡದ ಮೀನುಗಳು.

ಕಡಲು ಬರಿದಾಗುವ ಮಾತು ಬಂದಾಗ ನಮ್ಮೂರಲ್ಲಿ ಬೆರಳು ತೋರುವುದು ಬೋಟಿನವರ ಕಡೆಗೆ. ಕಾನೂನು ಕೂಡ ಅವರನ್ನೇ ಹಿಡಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಪ್ರಖರ ದೀಪ ಬೆಳಗಿಸಿ ಮೀನನ್ನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್ ಮತ್ತು ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮಾಡಬಾರದೆಂದು 2017ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿತು. ಚೀಲ ಹಿಡಿದು ನಿಂತವರನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಕೇಳಬೇಕು ಎಂಬುದು ನನ್ನ ವಾದ. ದೊಡ್ಡ ಮೀನು ಕೊಳ್ಳುವ ಅಥವಾ ಆ ದಿನ ಮೀನಿಲ್ಲದೆ ಉಣ್ಣುವ ಅನುಕೂಲ ಇರುವವರು, ಮರಿ ಎಂದು ಗೊತ್ತಿದ್ದೂ ಮರಿಮೀನು ಕೊಂಡರೆ ಅದು ನೈತಿಕವಾಗಿ ತಪ್ಪು. 'ಅನುಕೂಲ ಇರುವವರು' ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ದಿನಗೂಲಿಯಲ್ಲಿ ಅಗ್ಗದ ಮೀನೊಂದೇ ದಕ್ಕುವ ಮನೆಯವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಮೊದಲು 'ಗೊತ್ತಿದ್ದೂ' ಎಂಬುದನ್ನು ನೋಡುತ್ತೇನೆ. ಅಂಗಿ ಯಾರ ಬೆವರಿನಿಂದ ಬಂತು ಎಂದು ಕೊಳ್ಳುವವರಿಗೆ ತಿಳಿಯದೇ ಇರಬಹುದು. ಮೀನಿನ ಅಳತೆ ಹಾಗಲ್ಲ, ಅದು ಕಣ್ಣೆದುರೇ ಇದೆ. ಪ್ರಬಂಧದ ಹೆಚ್ಚಿನ ಭಾಗ ಹೋಗುವುದು ಅದರ ನಂತರದ ಪ್ರಶ್ನೆಗೆ: "ನಾನೊಬ್ಬ ಬಿಟ್ಟರೆ ಏನಾಗುತ್ತದೆ? ಆ ಮೀನು ಸತ್ತಾಗಿದೆ ಅಲ್ವಾ?" ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಪರಿಣಾಮವನ್ನಷ್ಟೇ ಲೆಕ್ಕ ಹಾಕಿದರೆ ಒಂದು ಚೀಲದ ತೂಕ ಕಡಲಿಗೆ ತಾಗುವುದೇ ಇಲ್ಲ. ಹಾಗಾಗಿ ನಾನು ತತ್ವಜ್ಞಾನಿ ಕಾಂಟ್ ಕೇಳಿದ ಪ್ರಶ್ನೆಯನ್ನು ಮಲ್ಪೆಗೆ ತರುತ್ತೇನೆ: ನನಗೆ ನಾನೇ ಕೊಟ್ಟುಕೊಂಡ ಈ ವಿನಾಯಿತಿಯನ್ನು ಎಲ್ಲರೂ ತೆಗೆದುಕೊಳ್ಳಲಿ ಎಂದು ನಾನು ಬಯಸಬಲ್ಲೆನೇ? ಮುಂದಿನ ವರ್ಷವೂ ಬಂಗುಡೆ ತಿನ್ನುವ ಆಸೆ ಇಟ್ಟುಕೊಂಡು ಬಯಸಲಾರೆ ಎಂದು ತೋರಿಸುತ್ತೇನೆ.

ಕೊನೆಯಲ್ಲಿ ನನಗೆ ಕಷ್ಟ ಕೊಟ್ಟ ಆಕ್ಷೇಪಕ್ಕೆ ಬರುತ್ತೇನೆ. ನಾವು ರಾಶಿ ಬಿಟ್ಟು ಮುಂದೆ ನಡೆದರೆ ಮೊದಲು ನಷ್ಟವಾಗುವುದು ಬೋಟಿನ ಮಾಲಕರಿಗಲ್ಲ, ಹರಾಜಿನಲ್ಲಿ ದುಡ್ಡು ಸುರಿದು ಬಂದ ಆ ಅಕ್ಕನಿಗೆ. ಈ ಆಕ್ಷೇಪ ನನ್ನ ನಿಲುವನ್ನು ಬೀಳಿಸುವುದಿಲ್ಲ. ಆದರೆ ಕೊಳ್ಳದೆ ಬಂದವರಿಗೆ ಅವರ ಬಗ್ಗೆಯೂ ಒಂದು ಹೊಣೆ ಉಳಿಯುತ್ತದೆ, ಅದು ಎಷ್ಟು ಎಂಬುದನ್ನು ಅಲ್ಲಿ ವಿವರಿಸುತ್ತೇನೆ.